ಮೂರರಲ್ಲಿ ಎರಡು ಪಾಲು ಹೋದರೂ ಬ್ಯಾಂಕು ಒಪ್ಪುವುದೇಕೆ?

ಬಿ.ಸಿ.ರೋಡಿನಿಂದ ಪೊಳಲಿ, ಕೈಕಂಬ ದಾಟಿ ಬಜ್ಪೆಯತ್ತ ಹೋದರೆ ಮಂಗಳೂರು ವಿಶೇಷ ಆರ್ಥಿಕ ವಲಯ ಸಿಗುತ್ತದೆ. ಮೂಡುಬಿದಿರೆಯವರಿಗಂತೂ ಅದು ಇನ್ನೂ ಹತ್ತಿರದ ವಿಷಯ. ಪೆರ್ಮುದೆ, ಕಳವಾರಿನ ಭೂಸ್ವಾಧೀನದ ಗಲಾಟೆ ಅಲ್ಲಿ ಮನೆಮಾತಾಗಿತ್ತು. ಆ ವಲಯದೊಳಗೆ ಜೆಬಿಎಫ್ ಪೆಟ್ರೋಕೆಮಿಕಲ್ಸ್ ಎಂಬ ಕಂಪನಿಯ ದೊಡ್ಡ ಕಾರ್ಖಾನೆ ಎದ್ದಿತು. ಪಾಲಿಯೆಸ್ಟರ್ ಬಟ್ಟೆಗೂ ಪ್ಲಾಸ್ಟಿಕ್ ಬಾಟಲಿಗೂ ಬೇಕಾದ ಪಿಟಿಎ ಎಂಬ ಕಚ್ಚಾವಸ್ತುವನ್ನು ವರ್ಷಕ್ಕೆ ಹನ್ನೆರಡೂವರೆ ಲಕ್ಷ ಟನ್ ತಯಾರಿಸುವ ಘಟಕ ಅದು. ಐಡಿಬಿಐ ಬ್ಯಾಂಕಿನ ಮುಂದಾಳತ್ವದಲ್ಲಿ ಬ್ಯಾಂಕುಗಳು 60 ಕೋಟಿ ಡಾಲರಿಗೂ ಸ್ವಲ್ಪ ಹೆಚ್ಚು ಸಾಲ ಕೊಟ್ಟಿದ್ದವು. ಘಟಕ ಕೆಲಕಾಲ ಓಡಿ ನಿಂತುಹೋಯಿತು. ಕಂಪನಿ ಸಾಲ ತೀರಿಸಲಾಗದೆ ದಿವಾಳಿ ಪ್ರಕ್ರಿಯೆಗೆ ಹೋಯಿತು. 2023ರ ಮಾರ್ಚ್ 13ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಅಹಮದಾಬಾದ್ ಪೀಠ ಅದನ್ನು ಸರ್ಕಾರಿ ಸ್ವಾಮ್ಯದ ಗೇಲ್ ಕಂಪನಿಗೆ ಒಪ್ಪಿಸಿತು. ಇಂದು ಅದರ ಹೆಸರು ಗೇಲ್ ಮಂಗಳೂರು ಪೆಟ್ರೋಕೆಮಿಕಲ್ಸ್.

ಬರಬೇಕಾದ ಬಾಕಿ ಎಂದು ಲೆಕ್ಕಕ್ಕೆ ಬಂದದ್ದು ಸುಮಾರು 5,628 ಕೋಟಿ ರೂಪಾಯಿ. ಗೇಲ್ ಕೂಗಿದ ಬೆಲೆ 2,079 ಕೋಟಿ. ನೂರು ರೂಪಾಯಿ ಬರಬೇಕಿದ್ದಲ್ಲಿ ಸುಮಾರು ಮೂವತ್ತೇಳು. ಉಳಿದ ಅರವತ್ತಮೂರು ರೂಪಾಯಿಯನ್ನೇ ಹಣಕಾಸಿನವರು ಹೇರ್‌ಕಟ್ ಎನ್ನುವುದು.

ಇಂಥ ಸುದ್ದಿ ಓದಿದಾಗಲೆಲ್ಲ ನಮ್ಮ ಕಡೆ ಒಂದೇ ಮಾತು ಕೇಳಿಬರುತ್ತದೆ: ನಮ್ಮ ಎರಡು ಲಕ್ಷಕ್ಕೆ ನೋಟಿಸು ಕಳಿಸುವ ಬ್ಯಾಂಕು ಇವರ ಮೂರೂವರೆ ಸಾವಿರ ಕೋಟಿ ಹೇಗೆ ಬಿಟ್ಟಿತು? ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ಕರಾವಳಿ ಇದು. ಪ್ರತಿ ಮನೆಯಲ್ಲೂ ಒಬ್ಬ ನಿವೃತ್ತ ಮ್ಯಾನೇಜರ್ ಇರುವುದರಿಂದ ಉತ್ತರಗಳಿಗೂ ಬರವಿಲ್ಲ. ಆದರೆ ಆ ಉತ್ತರಗಳಲ್ಲಿ ಹೆಚ್ಚಿನವು ಕೋಪದವು, ಲೆಕ್ಕದವಲ್ಲ. ಲೆಕ್ಕ ಹಾಕಿ ನೋಡಿದರೆ ಕೋಪ ಇಳಿಯುತ್ತದೆಂದಲ್ಲ, ಅದು ಸರಿಯಾದ ಕಡೆ ತಿರುಗುತ್ತದೆ.

ಮೊದಲು ಆ 5,628 ಕೋಟಿಯನ್ನೇ ನೋಡೋಣ. ಬ್ಯಾಂಕು ಕೈಯಿಂದ ಎಣಿಸಿ ಕೊಟ್ಟ ಹಣ ಅಷ್ಟೂ ಅಲ್ಲ. ಕ್ಲೇಮ್ ಎಂದರೆ ಅಸಲು, ಅದರ ಮೇಲೆ ಬಡ್ಡಿ, ಬಡ್ಡಿ ಕಟ್ಟದ್ದಕ್ಕೆ ದಂಡಬಡ್ಡಿ ಎಲ್ಲ ಸೇರಿದ ಮೊತ್ತ. ಕಾರ್ಖಾನೆ ಮುಚ್ಚಿ ವರ್ಷಗಳು ಉರುಳಿದಂತೆ ಈ ಮೊತ್ತ ಬೆಳೆಯುತ್ತಲೇ ಹೋಗುತ್ತದೆ, ಅದೇ ಹೊತ್ತಿಗೆ ಒಳಗಿನ ಯಂತ್ರದ ಬೆಲೆ ಇಳಿಯುತ್ತಾ ಬರುತ್ತದೆ. ಜೆಬಿಎಫ್‌ನಂಥ ಪ್ರಕರಣಗಳಲ್ಲಿ ಡಾಲರ್ ಎಂಬ ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತದೆ. ವಿದೇಶಿ ಕರೆನ್ಸಿಯ ಸಾಲವಾದರೆ, ದಿವಾಳಿ ಪ್ರಕ್ರಿಯೆ ಶುರುವಾದ ದಿನದ ವಿನಿಮಯ ದರದಲ್ಲಿ ಅದನ್ನು ರೂಪಾಯಿಗೆ ತಿರುಗಿಸಿ ಕ್ಲೇಮ್ ಲೆಕ್ಕ ಹಾಕಬೇಕೆಂಬುದು ನಿಯಮ. 60 ಕೋಟಿ ಡಾಲರ್ ಸಾಲ ಡಾಲರಿಗೆ 55 ರೂಪಾಯಿ ಇದ್ದಾಗ 3,300 ಕೋಟಿ. ಅದೇ ಸಾಲ ಡಾಲರಿಗೆ 75 ರೂಪಾಯಿ ಆದಾಗ 4,500 ಕೋಟಿ. ಒಂದು ರೂಪಾಯಿ ಹೊಸ ಸಾಲ ಕೊಡದೆಯೂ ಬಾಕಿ 1,200 ಕೋಟಿ ಏರಿತು. ಹೀಗೆ ಉಬ್ಬಿದ ಮೊತ್ತವನ್ನು ಛೇದದಲ್ಲಿಟ್ಟು ಶೇಕಡಾವಾರು ತೆಗೆದರೆ ಹೇರ್‌ಕಟ್ ದೊಡ್ಡದಾಗಿಯೇ ಕಾಣುತ್ತದೆ.

ಹಾಗಾದರೆ ಬ್ಯಾಂಕು ಯಾವ ಅಳತೆಗೋಲು ಇಟ್ಟುಕೊಂಡು ಒಪ್ಪುತ್ತದೆ? ಕ್ಲೇಮ್ ಅಲ್ಲ, ಲಿಕ್ವಿಡೇಶನ್ ಮೌಲ್ಯ. ಕಂಪನಿಯನ್ನು ಮುಚ್ಚಿ, ಜಾಗ, ಕಟ್ಟಡ, ಯಂತ್ರ, ಗುಜರಿ ಎಂದು ಬಿಡಿಬಿಡಿಯಾಗಿ ಮಾರಿದರೆ ಎಷ್ಟು ಬರಬಹುದು ಎಂಬ ಅಂದಾಜು ಅದು. ದಿವಾಳಿ ಸಂಹಿತೆಯ ಪ್ರಕಾರ ಇಬ್ಬರು ನೋಂದಾಯಿತ ಮೌಲ್ಯಮಾಪಕರು ಬೇರೆಬೇರೆಯಾಗಿ ಅಂದಾಜು ಕೊಡಬೇಕು, ಎರಡರ ಸರಾಸರಿ ತೆಗೆಯಬೇಕು. ಕೊಳ್ಳಲು ಬಂದವರ ಪ್ರಸ್ತಾವಗಳು ಕೈಸೇರುವವರೆಗೆ ಸಾಲ ಕೊಟ್ಟವರ ಸಮಿತಿಗೂ ಆ ಅಂಕಿ ಗೊತ್ತಾಗಬಾರದು. ಮೊದಲೇ ಹೊರಬಿದ್ದರೆ ಯಾರೂ ಅದಕ್ಕಿಂತ ಹೆಚ್ಚು ಕೂಗುವುದಿಲ್ಲ, ಅಷ್ಟೇ.

ಪಿಟಿಎ ಘಟಕದಂಥದ್ದನ್ನು ಬಿಡಿಸಿ ಮಾರುವುದನ್ನು ಯೋಚಿಸಿ ನೋಡಿ. ಆ ರಿಯಾಕ್ಟರುಗಳು, ಮೈಲುಗಟ್ಟಲೆ ಕೊಳವೆಗಳು ಆ ಒಂದೇ ಕೆಲಸಕ್ಕಾಗಿ ಮಾಡಿದವು. ಎಂಆರ್‌ಪಿಎಲ್ ಕೂಟದ ಪಕ್ಕದ ಘಟಕದಿಂದ ಪ್ಯಾರಾಕ್ಸೈಲಿನ್ ಎಂಬ ಕಚ್ಚಾವಸ್ತು ಸಿಗುತ್ತದೆಂಬುದೇ ಆ ಜಾಗದ ಬೆಲೆ. ಕಿತ್ತು ಬೇರೆ ಊರಿಗೆ ಒಯ್ದರೆ ಉಕ್ಕಿನ ಕಿಲೋ ಲೆಕ್ಕವಷ್ಟೇ. ಹಾಗೆಯೇ ನಿಲ್ಲಿಸಿ ಓಡಿಸಬಲ್ಲವರಿಗೆ ಮಾತ್ರ ಅದು ಸಾವಿರಾರು ಕೋಟಿಯ ಆಸ್ತಿ, ಮತ್ತು ಅಂಥವರು ದೇಶದಲ್ಲಿ ಬೆರಳೆಣಿಕೆಯಷ್ಟು. ಗೇಲ್‌ಗೆ ಎದುರಾಗಿ ನಿಂತದ್ದು ಇಂಡಿಯನ್ ಆಯಿಲ್ ಮತ್ತು ಓಎನ್‌ಜಿಸಿ ಕೂಟ. ಕೊಳ್ಳುವವರು ಕಡಿಮೆ ಇದ್ದಷ್ಟೂ ಬೆಲೆ ಕೆಳಗೆ ನಿಲ್ಲುತ್ತದೆ. ಕೊಂಡವರು ಆಮೇಲೆ ಅದನ್ನು ಮತ್ತೆ ಚಾಲೂ ಮಾಡಲು ಬೇರೆ ಹಣ ಹಾಕಬೇಕು, ಅದನ್ನೂ ಅವರು ಬೆಲೆಯಲ್ಲಿ ಮೊದಲೇ ಮುರಿದುಕೊಂಡಿರುತ್ತಾರೆ.

ದಿವಾಳಿ ಮಂಡಳಿ ಪ್ರಕಟಿಸುತ್ತ ಬಂದಿರುವ ಲೆಕ್ಕದಲ್ಲೂ ಇದೇ ಚಿತ್ರ. ಪರಿಹಾರ ಯೋಜನೆ ಒಪ್ಪಿಗೆಯಾದ ಕಂಪನಿಗಳಲ್ಲಿ ಒಟ್ಟಾರೆ ಸಿಕ್ಕಿರುವುದು ಕ್ಲೇಮಿನ ಮೂರನೇ ಒಂದು ಪಾಲಿನ ಆಸುಪಾಸು. ಅದನ್ನೇ ಲಿಕ್ವಿಡೇಶನ್ ಮೌಲ್ಯಕ್ಕೆ ಹೋಲಿಸಿದರೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಎರಡೂ ನಿಜವೇ. ಟಿವಿ ಚರ್ಚೆಯಲ್ಲಿ ವಿರೋಧಿಸುವವರು ಮೊದಲನೆಯದನ್ನೂ ಸಮರ್ಥಿಸುವವರು ಎರಡನೆಯದನ್ನೂ ಹಿಡಿದುಕೊಂಡಿರುತ್ತಾರೆ.

ಬ್ಯಾಂಕಿನ ಒಳಗಿನ ಲೆಕ್ಕಪುಸ್ತಕ ಇನ್ನೊಂದು ಕಥೆ ಹೇಳುತ್ತದೆ, ಹೊರಗಿನವರಿಗೆ ಕಾಣದಿರುವುದು ಇದೇ. ಸಾಲದ ಕಂತು 90 ದಿನ ಬರದಿದ್ದರೆ ಅದು ಎನ್‌ಪಿಎ. ಅಂದಿನಿಂದ ಬ್ಯಾಂಕು ತನ್ನ ಲಾಭದಿಂದ ಒಂದು ಪಾಲನ್ನು ನಷ್ಟಕ್ಕೆಂದು ಎತ್ತಿಡಬೇಕು. ಭದ್ರತೆ ಇರುವ ಸಾಲವಾದರೆ ಮೊದಲ ವರ್ಷ ಶೇ. 15, ಮರುವರ್ಷ ಶೇ. 25, ಆಮೇಲೆ ಎರಡು ವರ್ಷ ಶೇ. 40. ಎನ್‌ಪಿಎ ಆಗಿ ನಾಲ್ಕು ವರ್ಷ ದಾಟಿತೆಂದರೆ ಶೇ. 100. ನೂರು ಕೋಟಿ ಸಾಲ ಎಂದಿಟ್ಟುಕೊಳ್ಳಿ. ಎರಡನೇ ವರ್ಷದಲ್ಲಿ ಯಾರಾದರೂ 60 ಕೋಟಿಗೆ ಮುಗಿಸೋಣ ಎಂದರೆ, ಬ್ಯಾಂಕು ಎತ್ತಿಟ್ಟದ್ದು 25 ಕೋಟಿ ಮಾತ್ರ. ಬಿಡಬೇಕಾದ 40ರಲ್ಲಿ 15 ಕೋಟಿ ಆ ತ್ರೈಮಾಸಿಕದ ಲಾಭಕ್ಕೆ ಹೊಸ ಹೊಡೆತ. ಐದನೇ ವರ್ಷದಲ್ಲಿ ಅದೇ ಸಾಲಕ್ಕೆ 37 ಕೋಟಿ ಬಂದರೆ? ಪುಸ್ತಕದಲ್ಲಿ ಆ ಸಾಲದ ಬೆಲೆ ಆಗಲೇ ಸೊನ್ನೆಯಾಗಿದೆ. ಬಂದ 37 ಕೋಟಿ ಪೂರ್ತಿ ಲಾಭದ ಕಡೆ ಜಮೆ.

ಇಲ್ಲಿ ಒಂದು ವಕ್ರತೆ ಇದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಅರವತ್ತು ಸಿಗುವ ಕಾಲದಲ್ಲಿ ಒಪ್ಪಿದ ಅಧಿಕಾರಿಗೆ ನಷ್ಟ ಬರೆಯಬೇಕಾದ ಸಂಕಟ, ನಾಳೆ ವಿಚಾರಣೆ ಬಂದೀತೆಂಬ ಭಯ. ಮೂವತ್ತೇಳು ಸಿಗುವ ಕಾಲದಲ್ಲಿ ನ್ಯಾಯಮಂಡಳಿಯ ಮುದ್ರೆ ಇರುತ್ತದೆ, ಪುಸ್ತಕದಲ್ಲಿ ಲಾಭ ಕಾಣುತ್ತದೆ. ಹಾಗಾಗಿ ಕಾಯುವುದೇ ಕ್ಷೇಮ ಎನಿಸುತ್ತದೆ. ಕಾದಷ್ಟೂ ಕಾರ್ಖಾನೆ ತುಕ್ಕು ಹಿಡಿಯುತ್ತದೆ. ನನ್ನ ಮಟ್ಟಿಗೆ ಸಿಟ್ಟು ಬರಬೇಕಾದ್ದು ಇಲ್ಲಿ: ಕೊನೆಗೆ ಕೊಟ್ಟ ರಿಯಾಯಿತಿಯ ಮೇಲಲ್ಲ, ಅದಕ್ಕೆ ಮೊದಲು ಕಳೆದ ವರ್ಷಗಳ ಮೇಲೆ. ದಿವಾಳಿ ಪ್ರಕ್ರಿಯೆ ವ್ಯಾಜ್ಯದ ದಿನಗಳೂ ಸೇರಿ 330 ದಿನದೊಳಗೆ ಮುಗಿಯಬೇಕೆಂದು ಕಾನೂನಿದೆ. 2022ರ ಆರಂಭದಲ್ಲಿ ಶುರುವಾದ ಜೆಬಿಎಫ್ ಪ್ರಕರಣ 2023ರ ಮಾರ್ಚ್‌ವರೆಗೆ ಎಳೆಯಿತು, ಅದೂ ನಮ್ಮ ದೇಶದ ಮಟ್ಟಿಗೆ ಬೇಗ ಮುಗಿದ ಪ್ರಕರಣವೇ.

ಯಾರು ಒಪ್ಪುತ್ತಾರೆ ಎಂಬುದಕ್ಕೂ ನಿಯಮವಿದೆ. ಹಣಕಾಸು ಸಾಲ ಕೊಟ್ಟವರೆಲ್ಲ ಸೇರಿ ಸಾಲದಾತರ ಸಮಿತಿ ಆಗುತ್ತದೆ. ತಲೆಗೊಂದು ಮತವಲ್ಲ, ಬರಬೇಕಾದ ಹಣಕ್ಕೆ ತಕ್ಕ ಮತ. ಶೇ. 66 ಮತ ಸಿಕ್ಕರೆ ಯೋಜನೆ ಪಾಸು. ಬೇಡವೆಂದ ಬ್ಯಾಂಕಿಗೆ ಕನಿಷ್ಠ ಲಿಕ್ವಿಡೇಶನ್‌ನಲ್ಲಿ ಸಿಗಬಹುದಾಗಿದ್ದಷ್ಟು ಕೊಟ್ಟು ಸುಮ್ಮನಾಗಿಸಬಹುದು. ಒಂದು ಪ್ರಸ್ತಾವ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡ ಮಾತ್ರಕ್ಕೆ ಅದೇ ಗೆಲ್ಲುವುದೂ ಇಲ್ಲ. ಅದೇ ನೂರು ಕೋಟಿ ಬಾಕಿಗೆ ಒಬ್ಬ 44 ಕೋಟಿಯನ್ನು ಇಂದೇ ಕೊಡುತ್ತೇನೆನ್ನುತ್ತಾನೆ. ಇನ್ನೊಬ್ಬ 60 ಕೋಟಿ, ಆದರೆ ವರ್ಷಕ್ಕೆ 12 ಕೋಟಿಯಂತೆ ಐದು ವರ್ಷ ಎನ್ನುತ್ತಾನೆ. ಶೇ. 12 ಬಡ್ಡಿಯ ಲೆಕ್ಕದಲ್ಲಿ ಎರಡನೆಯವನ ಅರವತ್ತರ ಇಂದಿನ ಬೆಲೆ 43 ಕೋಟಿ ಚಿಲ್ಲರೆ. ಅವನು ಮೂರನೇ ಕಂತಿಗೆ ಕೈ ಎತ್ತಿದರೆ ಅದೂ ಇಲ್ಲ. ಪತ್ರಿಕೆಯಲ್ಲಿ ಶೇ. 40ರ ಹೇರ್‌ಕಟ್ ಎಂದು ಬಂದರೆ, ಹಣ ಯಾವಾಗ ಬರುತ್ತದೆಂದು ಮುಂದಿನ ಸಾಲು ಓದಬೇಕು.

ಇಷ್ಟೆಲ್ಲ ಬ್ಯಾಂಕಿನ ಮಾತಾಯಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಓದುಗರಲ್ಲಿ ಹೆಚ್ಚಿನವರು ದೊಡ್ಡ ಕಾರ್ಖಾನೆಗೆ ಸಾಲ ಕೊಟ್ಟವರಲ್ಲ. ಅದಕ್ಕೆ ಜಲ್ಲಿ ಹಾಕಿದವರು, ಕಾರ್ಮಿಕರನ್ನು ಕಳಿಸಿದವರು, ಕ್ಯಾಂಟೀನ್ ನಡೆಸಿದವರು, ಬಸ್ ಓಡಿಸಿದವರು. ಕಾನೂನಿನಲ್ಲಿ ಇವರಿಗೆ ಕಾರ್ಯಾಚರಣಾ ಸಾಲದಾತರು ಎಂಬ ಹೆಸರು. ಹೇರ್‌ಕಟ್‌ನ ಸರಾಸರಿ ಅಂಕಿ ಮುಚ್ಚಿಡುವುದು ಇವರ ಪಾಡನ್ನೇ. ಸರಾಸರಿ ಮೂವತ್ತೇಳು ಬಂತೆಂದರೆ ಎಲ್ಲರಿಗೂ ಮೂವತ್ತೇಳು ಬಂತೆಂದಲ್ಲ.

ಯಾವ ನಿಜ ಕಂಪನಿಯದ್ದೂ ಅಲ್ಲದ ಒಂದು ಲೆಕ್ಕ ಹಾಕೋಣ. ಒಂದು ಕಾರ್ಖಾನೆ ದಿವಾಳಿಯಾಗಿದೆ. ಭದ್ರತೆ ಇರುವ ಬ್ಯಾಂಕುಗಳಿಗೆ 400 ಕೋಟಿ ಬಾಕಿ, ಸರ್ಕಾರಕ್ಕೆ 40 ಕೋಟಿ, ಪೂರೈಕೆದಾರರಿಗೂ ಗುತ್ತಿಗೆದಾರರಿಗೂ ಸೇರಿ 60 ಕೋಟಿ. ಒಟ್ಟು 500. ಕೊಳ್ಳುವವರು 200 ಕೋಟಿ ಕೊಡುತ್ತಾರೆ. ಮಾರಿ ಮುಚ್ಚಿದರೆ 150 ಕೋಟಿ ಬರುತ್ತಿತ್ತು. ಈ 200ರಿಂದ ಮೊದಲು ಹೋಗುವುದು ಪ್ರಕ್ರಿಯೆಯ ಖರ್ಚು. ಆಮೇಲಿನ ಸಾಲಿನಲ್ಲಿ ಕಾರ್ಮಿಕರ ಎರಡು ವರ್ಷದ ಬಾಕಿ ಮತ್ತು ಭದ್ರತೆ ಇರುವ ಬ್ಯಾಂಕುಗಳು ಒಟ್ಟಿಗೆ ನಿಲ್ಲುತ್ತವೆ. ಪೂರೈಕೆದಾರರ ಸರದಿ ಬಹಳ ಕೆಳಗೆ. ಕಾನೂನು ಅವರಿಗೆ ಕೊಡುವ ರಕ್ಷಣೆ ಏನೆಂದರೆ, ಲಿಕ್ವಿಡೇಶನ್ ಆಗಿದ್ದರೆ ಎಷ್ಟು ಸಿಗುತ್ತಿತ್ತೋ, ಅಥವಾ ಈ 200 ಕೋಟಿಯನ್ನೇ ಸರದಿಯಂತೆ ಹಂಚಿದರೆ ಎಷ್ಟು ಸಿಗುತ್ತದೋ, ಎರಡರಲ್ಲಿ ಹೆಚ್ಚಿನದು. ಬ್ಯಾಂಕುಗಳ 400 ಕೋಟಿಯೇ ತುಂಬದಿರುವಾಗ ಎರಡೂ ಲೆಕ್ಕದಲ್ಲಿ ಅವರ ಪಾಲು ಸೊನ್ನೆ. ಸೊನ್ನೆ ಕೊಟ್ಟರೂ ಕಾನೂನು ಪಾಲಿಸಿದಂತೆಯೇ. ಮೇಲೆ ಏನು ಬಂದರೂ ಅದು ಕೊಳ್ಳುವವರ, ಸಮಿತಿಯ ಔದಾರ್ಯ. ಸಮಿತಿಯಲ್ಲಿ ಅವರಿಗೆ ಮತವೂ ಇಲ್ಲ. ಎಸ್ಸಾರ್ ಸ್ಟೀಲ್ ಪ್ರಕರಣದಲ್ಲಿ 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು: ಬೇರೆ ಬೇರೆ ದರ್ಜೆಯ ಸಾಲದಾತರನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ, ಹಂಚಿಕೆ ಸಮಿತಿಯ ವಾಣಿಜ್ಯ ವಿವೇಚನೆಗೆ ಬಿಟ್ಟದ್ದು.

ಈ ಲೆಕ್ಕದೊಳಗೆ ಬಂಟ್ವಾಳದ ಒಬ್ಬ ಸಣ್ಣ ಗುತ್ತಿಗೆದಾರರನ್ನು ಇಟ್ಟು ನೋಡಿ. ಇಪ್ಪತ್ತು ಲಕ್ಷದ ಕೆಲಸ ಮಾಡಿ, ಶೇ. 18 ಜಿಎಸ್‌ಟಿ ಸೇರಿಸಿ 23.6 ಲಕ್ಷಕ್ಕೆ ಬಿಲ್ಲು ಕೊಟ್ಟಿದ್ದಾರೆ. ಬಿಲ್ಲು ಬರೆದ ತಿಂಗಳಿನ ರಿಟರ್ನ್‌ನಲ್ಲೇ ಆ 3.6 ಲಕ್ಷ ತೆರಿಗೆ ತೋರಿಸಿ, ತಮ್ಮ ಇನ್‌ಪುಟ್ ಕ್ರೆಡಿಟ್ ಮುರಿದುಕೊಂಡು ಉಳಿದದ್ದನ್ನು ಕೈಯಿಂದ ಕಟ್ಟಿಯೂ ಆಗಿದೆ. ಕಂಪನಿ ಕೊಟ್ಟಿಲ್ಲ. ಯೋಜನೆಯಲ್ಲಿ ಪೂರೈಕೆದಾರರಿಗೆ ಶೇ. 2 ಎಂದು ಬರೆದರೆ ಅವರ ಕೈಗೆ ಬರುವುದು 47,200 ರೂಪಾಯಿ. ಬ್ಯಾಂಕುಗಳಿಗಿಂತ ಮೊದಲು ಕೊಡಬೇಕೆಂಬ ನಿಯಮ ಇರುವುದರಿಂದ ಬೇಗ ಬರುತ್ತದೆ, ಅದೊಂದು ಸಮಾಧಾನ. ಮುಳುಗಿದ ಬಾಕಿಗೆ ಕಟ್ಟಿದ ಜಿಎಸ್‌ಟಿ ವಾಪಸು ಕೊಡುವ ಏರ್ಪಾಡು ನಮ್ಮಲ್ಲಿಲ್ಲ. ಆದಾಯ ತೆರಿಗೆಯಲ್ಲಿ ಮುಳುಗಿದ ಸಾಲವೆಂದು ಕಳೆದುಕೊಳ್ಳಬಹುದು, ಕಳೆಯಲು ಲಾಭವೇ ಉಳಿದಿದ್ದರೆ. ಬ್ಯಾಂಕಿಗೆ ಅರವತ್ತಮೂರು ಹೋದದ್ದು ಸುದ್ದಿಯಾಗುತ್ತದೆ, ಇವರಿಗೆ ತೊಂಬತ್ತೆಂಟು ಹೋದದ್ದು ಮನೆಯೊಳಗೇ ಉಳಿಯುತ್ತದೆ.

ಇನ್ನು ಎರಡು ಲಕ್ಷದ ನೋಟಿಸಿನ ಪ್ರಶ್ನೆ. ದಿವಾಳಿ ಸಂಹಿತೆಯ ಈ ದಾರಿ ಕಂಪನಿಗಳಿಗೆ ಮೀಸಲು, ಅದೂ ಕನಿಷ್ಠ ಒಂದು ಕೋಟಿ ರೂಪಾಯಿ ಬಾಕಿ ಇದ್ದಾಗ. ಬೆಳ್ತಂಗಡಿಯ ಕೃಷಿಕರಿಗೋ ಮೂಡುಬಿದಿರೆಯ ಅಂಗಡಿಯವರಿಗೋ ಇರುವುದು ಒಟಿಎಸ್, ಅಂದರೆ ಒಂದೇ ಬಾರಿಗೆ ಇತ್ಯರ್ಥ. ಅದೂ ಹೇರ್‌ಕಟ್ಟೇ. ಬ್ಯಾಂಕು ದಂಡಬಡ್ಡಿ, ಬಡ್ಡಿ, ಕೆಲವೊಮ್ಮೆ ಅಸಲಿನ ತುಂಡನ್ನೂ ಬಿಡುತ್ತದೆ. ಲೆಕ್ಕವೂ ಮೇಲೆ ಹೇಳಿದ್ದೇ: ಅಡವಿನ ಬೆಲೆ, ಎನ್‌ಪಿಎ ಆಗಿ ಕಳೆದ ವರ್ಷ, ಎತ್ತಿಟ್ಟ ಪ್ರಾವಿಷನ್. ಬೆಲೆಬಾಳುವ ಜಾಗ ಅಡವಿದ್ದರೆ ರಿಯಾಯಿತಿ ಕಡಿಮೆ, ಏಕೆಂದರೆ ಮಾರಿದರೆ ಬ್ಯಾಂಕಿಗೆ ಪೂರ್ತಿ ಬರುತ್ತದೆ. ಆದರೆ ಒಟಿಎಸ್ ಹಕ್ಕಲ್ಲ. ಬಿಜ್ನೋರ್ ಪಟ್ಟಣ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಕೊಡಲೇಬೇಕೆಂದು ಬ್ಯಾಂಕಿಗೆ ಹೈಕೋರ್ಟು ಆದೇಶಿಸುವಂತಿಲ್ಲ. ಇತ್ಯರ್ಥವಾದ ಮೇಲೆ ಸಿಬಿಲ್ ವರದಿಯಲ್ಲಿ ಖಾತೆ ಮುಗಿದಿದೆ ಎಂದು ಬರುವುದಿಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಕೃಷಿಯೇತರ ಸಾಲವಾದರೆ ಅದೇ ಬ್ಯಾಂಕು ಕನಿಷ್ಠ ಒಂದು ವರ್ಷ ಹೊಸ ಸಾಲ ಕೊಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2023ರ ಜೂನ್‌ನಲ್ಲಿ ನಿಯಮ ಮಾಡಿದೆ.

ದೊಡ್ಡವರಿಗೂ ಎಲ್ಲ ಮನ್ನಾ ಆಗುವುದಿಲ್ಲ ಎಂಬುದನ್ನು ಸೇರಿಸಬೇಕು. ಕಂಪನಿಯ ಸಾಲಕ್ಕೆ ಮಾಲೀಕರು ಸ್ವಂತ ಜಾಮೀನು ಬರೆದುಕೊಟ್ಟಿದ್ದರೆ, ಕಂಪನಿಯ ಬಾಕಿ ಕತ್ತರಿಸಿದ ಮಾತ್ರಕ್ಕೆ ಜಾಮೀನುದಾರರು ಪಾರಾಗುವುದಿಲ್ಲ. ಉಳಿದ ಹಣಕ್ಕೆ ಬ್ಯಾಂಕು ಅವರ ಬೆನ್ನು ಹತ್ತಬಹುದು ಎಂದು 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹೆಂಡತಿಯ, ತಮ್ಮನ ಸಹಿ ಹಾಕಿಸುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಗಳವರು ಈ ತೀರ್ಪನ್ನು ನೆನಪಿಡಬೇಕು.

ದೊಡ್ಡ ಘಟಕಗಳಿಗೆ ಸರಕು, ಸೇವೆ ಕೊಡುವ ನಮ್ಮವರಿಗೆ ಕೆಲವು ಮಾತು. ಉದ್ಯಮ್ ನೋಂದಣಿಯನ್ನು ಕೆಲಸ ಹಿಡಿಯುವ ಮೊದಲೇ ಮಾಡಿಸಿಡಿ. 45 ದಿನ ದಾಟಿದ ಬಾಕಿಗೆ ಕಿರು ಮತ್ತು ಸಣ್ಣ ಉದ್ದಿಮೆಗಳ ಕಾಯ್ದೆಯಡಿ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು, ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ಆದರೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದ ದಿನದಿಂದ ಅದರ ಮೇಲಿನ ಎಲ್ಲ ದಾವೆಗಳಿಗೂ ತಡೆ ಬೀಳುತ್ತದೆ. ಸಂಕೋಚಕ್ಕೆ ಬಿದ್ದು ಕಾದವರಿಗೆ ಆ ದಾರಿ ಮುಚ್ಚುತ್ತದೆ. ಆಮೇಲೆ ಉಳಿಯುವುದು ಒಂದೇ: ದಿವಾಳಿಯ ಸಾರ್ವಜನಿಕ ಪ್ರಕಟಣೆ ಒಂದು ಇಂಗ್ಲಿಷ್ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ, ದಿವಾಳಿ ಮಂಡಳಿಯ ಜಾಲತಾಣದಲ್ಲಿ ಬರುತ್ತದೆ. ಅದರಲ್ಲಿ ಹೆಸರಿಸಿರುವ ಅಧಿಕಾರಿಗೆ ಬಿಲ್ಲು, ಡೆಲಿವರಿ ಚಲನ್, ಬ್ಯಾಂಕ್ ಸ್ಟೇಟ್‌ಮೆಂಟ್ ಸಮೇತ ಫಾರ್ಮ್ ‘ಬಿ’ ಕಳಿಸಬೇಕು. ವಕೀಲರು ಬೇಕೆಂದಿಲ್ಲ, ಅಹಮದಾಬಾದಿಗೋ ಮುಂಬೈಗೋ ಹೋಗಬೇಕೆಂದಿಲ್ಲ, ಇ-ಮೇಲ್ ಸಾಕು. ಎಷ್ಟೋ ಜನ ಸಿಗುವುದು ಎರಡು ಪರ್ಸೆಂಟು, ಯಾಕೆ ರಗಳೆ ಎಂದು ಬಿಡುತ್ತಾರೆ. ಹಾಗೆ ಬಿಡಬೇಡಿ. ನ್ಯಾಯಮಂಡಳಿ ಯೋಜನೆಗೆ ಒಪ್ಪಿಗೆ ಕೊಟ್ಟ ದಿನ, ಅದರಲ್ಲಿ ಸೇರದ ಕ್ಲೇಮುಗಳೆಲ್ಲ ಅಳಿದುಹೋಗುತ್ತವೆ. ಹೊಸ ಮಾಲೀಕರನ್ನು ಒಂದು ಪೈಸೆಯೂ ಕೇಳುವಂತಿಲ್ಲ ಎಂದು 2021ರ ಏಪ್ರಿಲ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿದೆ.